ಜಾಮೀನು ಹಾಕಿದ ಸಾಲಕ್ಕೆ ಪಿಂಚಣಿ, ಜಿಪಿಎಫ್ ಜಪ್ತಿ ಆಗುತ್ತಾ?

ಪ್ರಶ್ನೆ: ಸರ್ಕಾರಿ ಶಾಲೆ ಶಿಕ್ಷಕ, ಮುಂದಿನ ವರ್ಷ ನಿವೃತ್ತಿ. ಸ್ನೇಹಿತನ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದೆ, ಅವನು ಕಟ್ಟಲಿಲ್ಲ. ಈಗ ನನಗೂ ಕೋರ್ಟ್ ಸಮನ್ಸ್ ಬಂದಿದೆ. ಜಿಪಿಎಫ್ ಹಣ ಈಗಲೇ ತೆಗೆದು ಹೆಂಡತಿ ಹೆಸರಿನಲ್ಲಿ ಇಟ್ಟರೆ ಸುರಕ್ಷಿತವಾ?

ಉತ್ತರ:

ಬೇಡ. ಜಿಪಿಎಫ್, ಅಂದರೆ ಸರ್ಕಾರಿ ನೌಕರರ ಭವಿಷ್ಯ ನಿಧಿ, ಮುಟ್ಟಬೇಡಿ. ಅದು ಎಲ್ಲಿದೆಯೋ ಅಲ್ಲಿರುವಷ್ಟು ಭದ್ರವಾಗಿ ನಿಮ್ಮ ಹೆಂಡತಿ ಖಾತೆಯಲ್ಲಿ ಇರುವುದಿಲ್ಲ.

ನಾನೂ ಮೇಷ್ಟ್ರೇ. ನನ್ನ ಜೊತೆ ಕೆಲಸ ಮಾಡುತ್ತಿದ್ದವರ ತಮ್ಮ ಹಿಟ್ಟಿನ ಗಿರಣಿ ಹಾಕಲು ಸಾಲ ತೆಗೆದ. ನಾನು ಜಾಮೀನು ಹಾಕಿದೆ. ಗಿರಣಿ ಮುಚ್ಚಿತು, ಹುಡುಗ ಊರು ಬಿಟ್ಟ. ಬ್ಯಾಂಕು ಇಬ್ಬರ ಮೇಲೂ ದಾವೆ ಹಾಕಿತು. 'ಮೊದಲು ಸಾಲ ತಗೊಂಡವನನ್ನು ಹಿಡಿಯಲಿ, ಆಮೇಲೆ ನನ್ನ ಹತ್ತಿರ ಬರಲಿ' ಅಂತ ನಾನು ಸುಮ್ನೆ ಕೂತೆ. ಕಾನೂನು ಹಾಗಿಲ್ಲ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ, ಬ್ಯಾಂಕು ನೇರವಾಗಿ ನಿಮ್ಮ ಹತ್ತಿರವೇ ಬರಬಹುದು. ನಾನು ಹಾಜರಾಗಲಿಲ್ಲ, ಎಕ್ಸ್ ಪಾರ್ಟೆ ಡಿಕ್ರಿ, ಅಂದರೆ ನನ್ನ ಮಾತು ಕೇಳದೆಯೇ ಹಣ ಕಟ್ಟಬೇಕು ಅಂತ ಕೋರ್ಟಿನ ತೀರ್ಪು ಆಯಿತು. ಬಡ್ಡಿ ಸೇರಿ ಐದೂವರೆ ಲಕ್ಷ.

ಅಷ್ಟರಲ್ಲಿ ನಾನು ನಿವೃತ್ತನಾದೆ. ಜಿಪಿಎಫ್ ಹಣ ಮೊದಲು ಬಂತು. ಅದನ್ನು ಯಾಕೋ ಒಂದು ಹಳೆಯ ಖಾತೆಗೆ ಹಾಕಿಸಿಕೊಂಡಿದ್ದೆ, ಆ ಖಾತೆಯಲ್ಲಿ ಬೇರೆ ವ್ಯವಹಾರವೇ ಇರಲಿಲ್ಲ. ಆಮೇಲೆ ಡಿಸಿಆರ್‌ಜಿ, ಅಂದರೆ ಗ್ರಾಚ್ಯುಟಿ ಆರು ಲಕ್ಷ, ಪಿಂಚಣಿಯ ಒಂದು ಭಾಗವನ್ನು ಒಟ್ಟಿಗೆ ಮುಂಚೆಯೇ ಪಡೆಯುವ ಕಮ್ಯುಟೇಷನ್ ಐದು ಲಕ್ಷ ಬಂತು. ಇವೆರಡೂ ಪಿಂಚಣಿ ಖಾತೆಗೇ ಬಂದವು. ಅದೇ ತಿಂಗಳು ಒಂದು ಸೈಟು ಮಾರಿದ್ದೆ. ಅದರ ಏಳು ಲಕ್ಷವನ್ನೂ ಅದೇ ಖಾತೆಗೆ ಹಾಕಿದೆ.

ನನಗೆ ಹಣ ಕಳೆದದ್ದು ಇಲ್ಲಿಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಒಟ್ಟು ಹದಿನೆಂಟು ಲಕ್ಷ ಒಂದೇ ಪಾಸ್‌ಬುಕ್‌ನಲ್ಲಿ ಸೇರಿತು. ಅದರಲ್ಲಿ ಮಗಳ ಮದುವೆಗೆ ನಾಲ್ಕು ಲಕ್ಷ, ಮನೆ ರಿಪೇರಿಗೆ ಮೂರು ಲಕ್ಷ ಹೋಯಿತು. ಉಳಿದದ್ದರಲ್ಲಿ ಹತ್ತು ಲಕ್ಷ ಎಫ್‌ಡಿ ಮಾಡಿದೆ. ನನ್ನ ಲೆಕ್ಕದಲ್ಲಿ ಖರ್ಚಾದ ಏಳು ಲಕ್ಷ ಸೈಟಿನದು, ಎಫ್‌ಡಿಯಲ್ಲಿ ಇರುವುದು ನಿವೃತ್ತಿ ಹಣ. ಆದರೆ ಆ ಲೆಕ್ಕ ನನ್ನ ತಲೆಯಲ್ಲಿ ಮಾತ್ರ ಇತ್ತು. ಪಾಸ್‌ಬುಕ್‌ನಲ್ಲಿ ಇದ್ದದ್ದು ಮೂರು ಜಮೆ, ಹತ್ತಾರು ಖರ್ಚು, ಕೊನೆಗೆ 'ಟು ಎಫ್‌ಡಿ' ಅಂತ ಒಂದು ಸಾಲು.

ಬ್ಯಾಂಕು ಡಿಕ್ರಿ ಜಾರಿಗೆ ಅರ್ಜಿ ಹಾಕಿತು. ನನ್ನ ಎರಡೂ ಖಾತೆ ಮತ್ತು ಎಫ್‌ಡಿ ಮೇಲೆ ಕೋರ್ಟಿನಿಂದ ಜಪ್ತಿ ಆದೇಶ ಬಂತು. ನನಗೆ ಗೊತ್ತಾದದ್ದು ಎಟಿಎಂನಲ್ಲಿ. ಪಿಂಚಣಿ ಜಮೆ ಆಗಿದೆ ಅಂತ ಮೆಸೇಜ್ ಬಂದಿದೆ, ಹಣ ಮಾತ್ರ ಬರುತ್ತಿಲ್ಲ. ಮ್ಯಾನೇಜರ್ ಹತ್ತಿರ ಹೋದರೆ 'ಸರ್, ಕೋರ್ಟ್ ಆರ್ಡರ್ ಇದೆ, ನಾವು ತೆಗೆಯೋಕಾಗಲ್ಲ, ನೀವು ಅಲ್ಲೇ ಹೋಗಬೇಕು' ಅಂದರು. ಅವರು ಹೇಳಿದ್ದು ಸರಿ. ಖಾತೆಗೆ ಬಂದದ್ದು ಪಿಂಚಣಿ ಅಂತ ಬ್ಯಾಂಕು ತಾನಾಗಿ ವಿಂಗಡಿಸಿ ಬಿಡುವುದಿಲ್ಲ. ಅದನ್ನು ತೋರಿಸಿ ಬಿಡಿಸಿಕೊಳ್ಳಬೇಕಾದವರು ನಾವು.

ವಕೀಲರು ಜಾರಿ ಕೋರ್ಟಿನಲ್ಲಿಯೇ ತಕರಾರು ಅರ್ಜಿ ಹಾಕಿದರು. ಆಧಾರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ ಸೆಕ್ಷನ್ 60. ಸಾಲಗಾರನ ಯಾವ ಆಸ್ತಿ ಜಪ್ತಿ ಮಾಡಬಹುದು, ಯಾವುದನ್ನು ಮಾಡಬಾರದು ಅಂತ ಹೇಳುವುದು ಇದೇ ಸೆಕ್ಷನ್. ಪಿಂಚಣಿ, ಗ್ರಾಚ್ಯುಟಿ ಜಪ್ತಿ ಮಾಡಬಾರದ ಪಟ್ಟಿಯಲ್ಲಿವೆ. 1925ರ ಪ್ರಾವಿಡೆಂಟ್ ಫಂಡ್ಸ್ ಕಾಯ್ದೆಗೆ ಒಳಪಟ್ಟ ನಿಧಿಯಲ್ಲಿರುವ ಮತ್ತು ಅದರಿಂದ ಬಂದ ಹಣಕ್ಕೂ ಆ ಕಾಯ್ದೆ ಕೊಡುವ ರಕ್ಷಣೆ ಇದೆ. ನಮ್ಮ ಜಿಪಿಎಫ್ ಇದರಲ್ಲಿ ಬರುತ್ತದೆ. ಇದಲ್ಲದೆ 1871ರ ಪಿಂಚಣಿ ಕಾಯ್ದೆಯ ಸೆಕ್ಷನ್ 11 ಇದೆ. ಸಾಲ ಕೊಟ್ಟವನ ಕೋರಿಕೆ ಮೇಲೆ ಯಾವ ಕೋರ್ಟೂ ಸರ್ಕಾರಿ ಪಿಂಚಣಿಯನ್ನು ಹಿಡಿಯುವಂತಿಲ್ಲ ಅಂತ ಅದು ಹೇಳುತ್ತದೆ.

ಬ್ಯಾಂಕಿನ ವಕೀಲರ ವಾದ ಏನಿತ್ತು ಗೊತ್ತಾ? ಹಣ ಸರ್ಕಾರದ ಕೈಯಲ್ಲಿ ಇರುವ ತನಕ ಮಾತ್ರ ಅದು ಪಿಂಚಣಿ, ನಿಮ್ಮ ಕೈಗೆ ಬಂದ ಮೇಲೆ ಬರೀ ಹಣ ಅಂತ. ಅದಕ್ಕೆ ಅವರು ಸುಪ್ರೀಂ ಕೋರ್ಟಿನ 1976ರ ಜ್ಯೋತಿ ಚಿಟ್ ಫಂಡ್ ತೀರ್ಪು ಹಿಡಿದುಕೊಂಡು ಬಂದಿದ್ದರು. ನೌಕರನ ಕೈ ಸೇರುವ ತನಕ ಈ ಹಣ ತನ್ನ ಗುಣ ಉಳಿಸಿಕೊಳ್ಳುತ್ತದೆ ಅನ್ನುವುದು ಅದರಲ್ಲಿರುವ ಮಾತು. ನಮ್ಮ ವಕೀಲರು ಕೊಟ್ಟದ್ದು ರಾಧೇ ಶ್ಯಾಮ್ ಗುಪ್ತಾ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್ ತೀರ್ಪು, 2008ರದ್ದು. ಪಿಂಚಣಿ, ಗ್ರಾಚ್ಯುಟಿಯಂಥ ನಿವೃತ್ತಿ ಹಣ ನೌಕರನ ಕೈಗೆ ಬಂದ ಮೇಲೂ ತನ್ನ ಗುಣ ಕಳೆದುಕೊಳ್ಳುವುದಿಲ್ಲ, ಸೆಕ್ಷನ್ 60ರ ರಕ್ಷಣೆ ಮುಂದುವರಿಯುತ್ತದೆ ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಅಲ್ಲೂ ವಿವಾದ ಇದ್ದದ್ದು ಎಫ್‌ಡಿ ಮೇಲೆಯೇ. ಈ ತೀರ್ಪಿನ ಹೆಸರು ಬರೆದಿಟ್ಟುಕೊಳ್ಳಿ, ನಿಮ್ಮ ವಕೀಲರಿಗೆ ಕೊಡಿ.

ಜಿಪಿಎಫ್ ಇದ್ದ ಖಾತೆ ಮೊದಲ ಸುತ್ತಿನಲ್ಲೇ ಬಿಡುಗಡೆ ಆಯಿತು. ಜಡ್ಜ್ ನೋಡಿದ್ದು ಪಾಸ್‌ಬುಕ್ಕಿನ ಒಂದು ಪುಟ ಮತ್ತು ಮಹಾಲೇಖಪಾಲರ ಕಚೇರಿಯ ಅಂತಿಮ ಪಾವತಿ ಆದೇಶ. ಆದೇಶದಲ್ಲಿ ಇದ್ದ ಮೊತ್ತ, ಪಾಸ್‌ಬುಕ್‌ನಲ್ಲಿ ಜಮೆಯಾದ ಮೊತ್ತ ಒಂದೇ. ಪ್ರಶ್ನೆಯೇ ಬರಲಿಲ್ಲ. ತಿಂಗಳ ಪಿಂಚಣಿಗೂ ಹಾಗೇ ಆಯಿತು. ಪಿಂಚಣಿ ಪಾವತಿ ಆದೇಶದ, ಅಂದರೆ ಪಿಪಿಒ ಪ್ರತಿ ಕೊಟ್ಟೆವು, ಇನ್ನು ಮುಂದೆ ಬರುವ ಪಿಂಚಣಿಯನ್ನು ತಡೆಯಬಾರದು ಅಂತ ಆದೇಶ ಬಂತು.

ಎಫ್‌ಡಿ ವಿಷಯ ಬಂದಾಗ ಮಾತ್ರ ಕೇಸು ಎಳೆಯತೊಡಗಿತು. 'ಮೇಷ್ಟ್ರು ಮದುವೆಗೆ ಖರ್ಚು ಮಾಡಿದ್ದು ಗ್ರಾಚ್ಯುಟಿ, ಎಫ್‌ಡಿ ಮಾಡಿದ್ದು ಸೈಟಿನ ಹಣ' ಅಂತ ಆ ಕಡೆಯವರು ಹೇಳಿದರು. ನಾನು ಅದರ ತಿರುವುಮುರುವು ಹೇಳಿದೆ. ಪಾಸ್‌ಬುಕ್ ಇಬ್ಬರ ಮಾತಿಗೂ ಒಪ್ಪುವ ಹಾಗಿತ್ತು. ಹಾಲಿಗೆ ನೀರು ಬೆರೆಸಿದ ಮೇಲೆ ಯಾವುದು ನೀರು ಅಂತ ತೋರಿಸು ಅಂದರೆ ಎಲ್ಲಿಂದ ತೋರಿಸುವುದು? ರಕ್ಷಣೆ ಬೇಕು ಅಂತ ಕೇಳುವವನು ನಾನು, ಹಾಗಾಗಿ ಸಾಬೀತು ಮಾಡುವ ಭಾರವೂ ನನ್ನದೇ. ಹಲವು ವಾಯಿದೆ ಆದ ಮೇಲೆ ಲೋಕ ಅದಾಲತ್‌ನಲ್ಲಿ ನಾಲ್ಕು ಲಕ್ಷಕ್ಕೆ ರಾಜಿ ಮಾಡಿಕೊಂಡೆ. ಎಫ್‌ಡಿ ಮುರಿಸಿ ಕಟ್ಟಿದೆ. ಸೈಟಿನ ಹಣಕ್ಕೆ ಬೇರೆ ಖಾತೆ ಮಾಡಿ ಖರ್ಚೆಲ್ಲ ಅಲ್ಲಿಂದಲೇ ಮಾಡಿದ್ದರೆ, ಎಫ್‌ಡಿ ಪೂರ್ತಿ ನಿವೃತ್ತಿ ಹಣ ಅಂತ ತೋರಿಸಲು ಒಂದು ಪುಟ ಸಾಕಾಗುತ್ತಿತ್ತು.

ಹಾಗಾಗಿ ನಿವೃತ್ತಿ ಪತ್ರಗಳಿಗೆ ಸಹಿ ಹಾಕುವ ಮೊದಲೇ ಹೊಸ ಉಳಿತಾಯ ಖಾತೆ ತೆರೆಯಿರಿ. ಜಿಪಿಎಫ್, ಡಿಸಿಆರ್‌ಜಿ, ಕಮ್ಯುಟೇಷನ್, ಪಿಂಚಣಿ ಇವು ಮಾತ್ರ ಅಲ್ಲಿಗೆ ಬರಲಿ. ಬಾಡಿಗೆ, ಅಡಿಕೆ ಮಾರಿದ ಹಣ, ಮಗ ಕಳಿಸುವ ಹಣ, ಚೀಟಿ ಹಣ ಯಾವುದೂ ಬೇಡ. ಎಫ್‌ಡಿ ಮಾಡಿದರೂ ಆ ಖಾತೆಯಿಂದಲೇ ಮಾಡಿ, ಬಡ್ಡಿಯೂ ಅಲ್ಲಿಗೇ ಬರಲಿ.

ಆ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲಿ ಇರಬಾರದು. ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಸೆಕ್ಷನ್ 60 ತಡೆಯುವುದು ಕೋರ್ಟಿನ ಜಪ್ತಿಯನ್ನು. ಬ್ಯಾಂಕು ಕೋರ್ಟಿಗೇ ಹೋಗದೆ, ನಿಮ್ಮ ಜಾಮೀನು ಪತ್ರ ತೋರಿಸಿ ತನ್ನಲ್ಲಿರುವ ನಿಮ್ಮ ಖಾತೆಗೆ ನೇರವಾಗಿ ಕೈ ಹಾಕಿದರೆ, ಹಣ ವಾಪಸ್ ತರಲು ನೀವೇ ಓಡಾಡಬೇಕಾಗುತ್ತದೆ. ಬೇರೆ ಬ್ಯಾಂಕಿನಲ್ಲಿ ಇದ್ದರೆ ಆ ತಲೆನೋವೇ ಇಲ್ಲ.

'ಜಾಮೀನು ಪತ್ರದಲ್ಲಿ ನಿವೃತ್ತಿ ಹಣದಿಂದಲೂ ವಸೂಲಿ ಮಾಡಬಹುದು ಅಂತ ಸಹಿ ಹಾಕಿದ್ದೇನಲ್ಲ' ಅಂತ ಹೆದರಬೇಡಿ. ಸೆಕ್ಷನ್ 60ರ ರಕ್ಷಣೆ ಬಿಟ್ಟುಕೊಡುತ್ತೇನೆ ಅಂತ ಮಾಡಿಕೊಂಡ ಒಪ್ಪಂದ ಅನೂರ್ಜಿತ ಅಂತ ಅದೇ ಸೆಕ್ಷನ್‌ನ ಉಪವಿಧಿ (1ಎ) ಹೇಳುತ್ತದೆ.

ಇನ್ನು ಹೆಂಡತಿ ಹೆಸರಿನ ವಿಚಾರ. ದಾವೆ ನಡೆಯುತ್ತಿರುವಾಗ ಹಣ ಹೆಂಡತಿ ಖಾತೆಗೆ ಹೋದರೆ ಮೊದಲು ಬರುವ ಅನುಮಾನವೇ ಸಾಲ ಕೊಟ್ಟವರಿಂದ ಮುಚ್ಚಿಡಲು ಮಾಡಿದ್ದು ಅಂತ. ಕಾನೂನು ತಾನಾಗಿ ಕಾಯುವ ಹಣವನ್ನು ನೀವೇ ಹೊರಗೆ ತಂದು ಅನುಮಾನಕ್ಕೆ ಗುರಿ ಮಾಡಿದ ಹಾಗಾಗುತ್ತದೆ. ಅದರಲ್ಲಿ ಸೈಟು ತೆಗೆದರಂತೂ ಮುಗಿಯಿತು. ಸೈಟು ಸೈಟೇ, ಅದಕ್ಕೆ ಪಿಂಚಣಿಯ ರಕ್ಷಣೆ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಇದೆಲ್ಲ ಸಾಲದ ಡಿಕ್ರಿಗೆ ಮಾತ್ರ. ಹೆಂಡತಿ ಮಕ್ಕಳ ಜೀವನಾಂಶದ ಆದೇಶ ಇದ್ದರೆ ಲೆಕ್ಕ ಬೇರೆ, ಹೆಂಡತಿ ಸಾಲ ಕೊಟ್ಟವರ ಗುಂಪಿಗೆ ಬರುವುದಿಲ್ಲ ಅಂತ ಹೇಳಿ ಪಿಂಚಣಿಯಿಂದ ಕೊಡಿಸಿದ ಹೈಕೋರ್ಟ್ ತೀರ್ಪುಗಳಿವೆ. ಇಲಾಖೆಗೆ ನೀವು ಕೊಡಬೇಕಾದ ಬಾಕಿ ಇದ್ದರೂ ಡಿಸಿಆರ್‌ಜಿಯಲ್ಲಿ ಹಿಡಿದುಕೊಳ್ಳುತ್ತಾರೆ.

ನೀವು ನಿಜವಾಗಿ ಚಿಂತೆ ಮಾಡಬೇಕಾದದ್ದು ಉಳಿದ ಒಂದು ವರ್ಷದ ಸಂಬಳದ ಬಗ್ಗೆ. ಸಂಬಳಕ್ಕೆ ಪೂರ್ತಿ ರಕ್ಷಣೆ ಇಲ್ಲ. ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮಾತ್ರ ಬಿಡುತ್ತಾರೆ. ಲೆಕ್ಕಕ್ಕೆ ಬರುವ ಸಂಬಳ 61,000 ಅಂತ ಇಟ್ಟುಕೊಳ್ಳಿ. 1,000 ತೆಗೆದರೆ 60,000, ಅದರಲ್ಲಿ 40,000 ನಿಮಗೆ, 20,000 ಪ್ರತಿ ತಿಂಗಳು ಡಿಕ್ರಿಗೆ ಹೋಗಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಜಾಸ್ತಿ ಹಿಡಿಯುವಂತಿಲ್ಲ, ಆದರೆ ನಿಮಗೆ ಉಳಿದಿರುವುದೇ ಒಂದು ವರ್ಷ. ಡಿಕ್ರಿ ಬೇಗ ಆದಷ್ಟೂ ನಿಮ್ಮ ಸಂಬಳ ಜಾಸ್ತಿ ಹೋಗುತ್ತದೆ.

ಅದಕ್ಕೇ ಸಮನ್ಸ್ ಪಕ್ಕಕ್ಕಿಟ್ಟು ಜಿಪಿಎಫ್ ಅರ್ಜಿ ತುಂಬಲು ಕೂರಬೇಡಿ. ಸಮನ್ಸ್ ಕೈಸೇರಿದ 30 ದಿನದೊಳಗೆ ನಿಮ್ಮ ಲಿಖಿತ ಹೇಳಿಕೆ ಕೋರ್ಟಿಗೆ ಹೋಗಬೇಕು. ಕೋರ್ಟು ಕಾರಣ ಬರೆದು 90 ದಿನದ ತನಕ ಬಿಡಬಹುದು. ಈ ವಾರವೇ ವಕಾಲತ್ತು ಹಾಕಿಸಿ. ಜಾಮೀನು ಪತ್ರದ ಪ್ರತಿ ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿಸಿ. ನೀವು ಎಷ್ಟು ಮೊತ್ತಕ್ಕೆ ಜಾಮೀನು ಹಾಕಿದ್ದಿರಿ, ಆಮೇಲೆ ನಿಮಗೆ ಹೇಳದೆ ಸಾಲದ ಕರಾರು ಬದಲಾಯಿಸಿದ್ದಾರಾ ಅನ್ನುವುದನ್ನು ಅದರಲ್ಲಿ ನೋಡಬೇಕು. ಹಾಗೆ ಬದಲಾಯಿಸಿದ್ದರೆ ಆಮೇಲಿನ ವ್ಯವಹಾರಕ್ಕೆ ಜಾಮೀನುದಾರ ಹೊಣೆಯಲ್ಲ ಅಂತ ವಾದಿಸಲು ಕರಾರು ಕಾಯ್ದೆಯ ಸೆಕ್ಷನ್ 133 ಇದೆ.