ಎಚ್‌ಎಂಟಿ ಜನತಾ ಗ್ಲಾಸ್ ಮೇಲಿನ ಗೀರು: ಉಜ್ಜುವುದೋ, ಬದಲಿಸುವುದೋ?

"ಅಪ್ಪನ ಹಳೇ ಎಚ್‌ಎಂಟಿ ಜನತಾ ವಾಚಿನ ಗ್ಲಾಸ್ ತುಂಬ ಗೀರು ಬಿದ್ದಿದೆ. ಪೇಸ್ಟ್ ಹಾಕಿ ಉಜ್ಜಿದರೆ ಹೋಗುತ್ತಾ, ಹೊಸದೇ ಹಾಕಿಸಬೇಕಾ?"

ಮೊದಲು ಗೀರಿನ ಮೇಲೆ ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪೇಸ್ಟ್ ಸಾಕು. ಈ ಗ್ಲಾಸ್ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಮೆದುವಾದ್ದರಿಂದ ಬೇಗ ಗೀರುತ್ತದೆ, ಅಷ್ಟೇ ಬೇಗ ಸವೆದು ನಯವಾಗುತ್ತದೆ.

ಗ್ಲಾಸಿನ ಸುತ್ತ ಕೇಸಿನ ಮೇಲೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಪೇಸ್ಟ್ ಸಂದಿಗೆ ಇಳಿದು ಬೆಳ್ಳಗೆ ಒಣಗಿ ಕೂರುತ್ತದೆ. ಅಕ್ಕಿ ಕಾಳಿನಷ್ಟು ಪಾಲಿವಾಚ್ ಎಂಬ ಪಾಲಿಶ್ ಪೇಸ್ಟ್ ಹಾಕಿ, ಮೆತ್ತನೆ ಹತ್ತಿ ಬಟ್ಟೆಯಿಂದ ಗೀರಿಗೆ ಅಡ್ಡಲಾಗಿ ಎರಡು ಮೂರು ನಿಮಿಷ ಉಜ್ಜಿ. ಒರೆಸಿ, ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಇನ್ನೂ ಕಂಡರೆ ಮತ್ತೊಮ್ಮೆ. ಒಂದೇ ಜಾಗ ಉಜ್ಜುತ್ತಾ ಕೂತರೆ ಅಲ್ಲಿ ತಗ್ಗಾಗಿ, ಡಯಲಿನ ಅಂಕಿ ಸೊಟ್ಟಗೆ ಕಾಣುತ್ತದೆ. ಡ್ರಿಲ್‌ಗೆ ಬಫ್ ಕಟ್ಟುವ ಆಸೆ ಬೇಡ, ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ. ಥಿನ್ನರ್, ಸ್ಪಿರಿಟ್‌ನಲ್ಲಿ ಒರೆಸಲೂ ಬೇಡಿ, ಕೂದಲೆಳೆ ಬಿರುಕು ಏಳುತ್ತವೆ.

ಉಗುರು ಸಿಕ್ಕಿದರೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರ್ ನೀರಲ್ಲಿ ನೆನೆಸಿ ಹಗುರವಾಗಿ ತಿಕ್ಕಬೇಕು. ಗ್ಲಾಸ್ ಪೂರ್ತಿ ಮಂಜಾಗುತ್ತದೆ, ಗಾಬರಿ ಬೇಡ, ಪೇಸ್ಟ್ ಅದನ್ನು ತಿಳಿಯಾಗಿಸುತ್ತದೆ. ನೀರು ಜಾಸ್ತಿಯಾಗಿ ಒಳಗೆ ಇಳಿಯದಂತೆ ಮಾತ್ರ ನೋಡಿಕೊಳ್ಳಿ.

ಅಂಚಿನಲ್ಲಿ ಬಿರುಕಿದ್ದರೆ, ಒಳಗಿನಿಂದಲೇ ಹಳದಿಯಾಗಿದ್ದರೆ, ಒತ್ತಿದಾಗ ಗ್ಲಾಸ್ ಅಲುಗಿದರೆ ಉಜ್ಜಿ ಪ್ರಯೋಜನವಿಲ್ಲ. ಬಿರುಕಿನಿಂದ ತೇವ ಹೋಗಿ ಡಯಲ್ ಹಾಳಾದರೆ ಅದು ಗ್ಲಾಸಿಗಿಂತ ದುಬಾರಿ ನಷ್ಟ. ಬದಲಿಸುವಾಗ ಹಳೇದರ ಅಂಚಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಸಿ, ಹೊಸದು 0.1 ಮಿ.ಮೀ. ದೊಡ್ಡದಿದ್ದರೆ ಬಿಗಿಯಾಗಿ ಕೂರುತ್ತದೆ. ಸಡಿಲವಾದದ್ದನ್ನು ಸೂಪರ್ ಗ್ಲೂನಿಂದ ಅಂಟಿಸಲು ಬಿಡಬೇಡಿ, ಅದರ ಆವಿಗೆ ಗ್ಲಾಸಿನ ಒಳಬದಿ ಬೆಳ್ಳಗೆ ಮಸುಕಾಗುತ್ತದೆ.