ಕನ್ನಡ ಸಬ್‌ಟೈಟಲ್: ಸಾಫ್ಟ್‌ವೇರ್ ಎಣಿಸುವುದು ಅಕ್ಷರವನ್ನಲ್ಲ

ಪ್ರಶ್ನೆ: ಒಂದು ಇಂಗ್ಲಿಷ್ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ತಾ ಇದ್ದೀನಿ. ಸಾಲಿಗೆ 42 ಅಕ್ಷರ ಅನ್ನೋ ಮಿತಿ ಹಾಕಿದ್ರೆ ಎಲ್ಲಾ ಸಾಲೂ ಕೆಂಪಾಗುತ್ತೆ. ಟಿವಿಯಲ್ಲಿ ನೋಡಿದ್ರೆ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತೆ. ಎಲ್ಲಿ ತಪ್ಪಿದೆ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಖಾಲಿ ಸಾಲಿನಲ್ಲಿ ‘ಸ್ತ್ರೀ’ ಅಂತ ಒಂದೇ ಒಂದು ಅಕ್ಷರ ಟೈಪ್ ಮಾಡಿ, ಸಾಫ್ಟ್‌ವೇರ್ ಎಷ್ಟು ತೋರಿಸುತ್ತದೆ ನೋಡಿ. ಬಹುಶಃ 6 ಬರುತ್ತದೆ. ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಯೂನಿಕೋಡಿನ ತುಂಡುಗಳನ್ನು ಅದು ಬೇರೆ ಬೇರೆ ಎಣಿಸುತ್ತಿದೆ. ವಿರಾಮ ಅಂದರೆ ಇಲ್ಲಿ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ 3 ಬರುತ್ತದೆ, ಅವು ವಿರಾಮ ಬಂದ ಕಡೆಯೆಲ್ಲ ಒಡೆದು ಎಣಿಸುತ್ತವೆ. ನಮ್ಮ ಕಣ್ಣಿಗೆ ಮಾತ್ರ ಅದು ಒಂದೇ ಅಕ್ಷರ. 42 ಅನ್ನೋ ಮಿತಿ ಇಂಗ್ಲಿಷ್ ಲಿಪಿಯ ಲೆಕ್ಕದಲ್ಲಿ ಬಂದದ್ದು, ಅದನ್ನು ಹಾಗೇ ತಂದು ಹಾಕಿದರೆ ಕನ್ನಡದ ಸಾಲು ಸುಮ್ನೆ ಕೆಂಪಾಗುತ್ತದೆ.

ಹಾಗಂತ ಆ ಕೆಂಪನ್ನು ಪೂರ್ತಿ ಕಡೆಗಣಿಸಬೇಡಿ. ನಾನು ಅಕ್ಷರವನ್ನೇ ಎಣಿಸುತ್ತೇನೆ, ಶಾಲೆಯಲ್ಲಿ ಕಾಗುಣಿತ ಹೇಳುವಾಗ ಎಣಿಸಿದ ಹಾಗೆ. ಸಾಲಿಗೆ 18ರಿಂದ 20 ಅಕ್ಷರ, ಸೆಕೆಂಡಿಗೆ ಹೆಚ್ಚೆಂದರೆ 9 ಅಥವಾ 10. ಇದು ಯಾರೋ ಮಾಡಿದ ನಿಯಮವಲ್ಲ, ಕೆಲಸ ಮಾಡುತ್ತಾ ನನ್ನ ಕೈಗೆ ಹತ್ತಿದ ಅಳತೆ. ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ.

ಹಳ್ಳಿಗೆ ಬಂದ ಆಸ್ಪತ್ರೆಯ ಡಾಕ್ಟರ್ ಒಬ್ಬರು ಮಗುವಿನ ತಾಯಿಗೆ ಹೇಳುವ ಮಾತು ಅಂದುಕೊಳ್ಳಿ. ಸಿಕ್ಕ ಸಮಯ ಮೂರೂವರೆ ಸೆಕೆಂಡ್. ಮೊದಲ ಸಲ ಅನುವಾದ ಮಾಡಿದಾಗ ಹೀಗೆ ಬರುತ್ತದೆ:

ಎರಡು ದಿನಗಳಲ್ಲಿ ಜ್ವರ ಕಡಿಮೆಯಾಗದಿದ್ದರೆ, ಅವಳನ್ನು
ಮೊದಲ ಬಸ್‌ನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದರಲ್ಲಿ 40 ಅಕ್ಷರ ಇವೆ, ಅಂದರೆ ಸೆಕೆಂಡಿಗೆ 11ಕ್ಕಿಂತ ಜಾಸ್ತಿ. ಸಾಫ್ಟ್‌ವೇರ್ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 25. ಓದುವವರ ಕಣ್ಣು ಎರಡನೇ ಸಾಲಿನ ನಡುವೆ ಇರುವಾಗಲೇ ಮಾತು ಮಾಯವಾಗುತ್ತದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ ಅಲ್ವಾ? ಹಾಗಾಗಿ ತಪ್ಪಿಹೋಗುವುದು ಮಾತಿನ ಮುಖ್ಯ ಭಾಗವೇ, ಏನು ಮಾಡಬೇಕು ಅನ್ನೋದೇ.

ನಾನು ತಿದ್ದುವುದು ಹೀಗೆ:

ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ
ಮೊದಲ ಬಸ್ಸಿಗೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ಈಗ ಸಾಲಿಗೆ 15ರಂತೆ ಒಟ್ಟು 30 ಅಕ್ಷರ, ಸೆಕೆಂಡಿಗೆ ಎಂಟೂವರೆ. ಸಾಫ್ಟ್‌ವೇರ್ ಲೆಕ್ಕದಲ್ಲೂ ಎರಡೂ ಸಾಲು 42ರ ಒಳಗೇ ಬಂದವು. ಹೇಗೆ ಇಳಿಯಿತು ನೋಡಿ. ಮಗು ತೆರೆಯ ಮೇಲೇ ಇದೆ, ‘ಅವಳನ್ನು’ ಬೇಕಿಲ್ಲ. ‘ಎರಡು’ ಅಂದಮೇಲೆ ‘ದಿನಗಳಲ್ಲಿ’ ಅಂತ ಬಹುವಚನ ನಾವು ಮಾತಿನಲ್ಲಿ ಹಾಕುವುದಿಲ್ಲ. ಜ್ವರಕ್ಕೆ ‘ಇಳಿಯುವುದು’ ಅನ್ನೋದೇ ಮನೆಮಾತು. ಡಾಕ್ಟರ್ ಆಸ್ಪತ್ರೆಯವರೇ ಆದ್ದರಿಂದ ‘ಬನ್ನಿ’ ಸಾಕು.

ಸಾಲು ಒಡೆದ ಜಾಗವೂ ಬದಲಾಗಿದೆ. ಮೊದಲನೆಯದರಲ್ಲಿ ‘ಅವಳನ್ನು’ ಮೇಲಿನ ಸಾಲಿನ ತುದಿಯಲ್ಲಿ ಒಂಟಿಯಾಗಿ ನೇತಾಡುತ್ತಿತ್ತು. ಕನ್ನಡದಲ್ಲಿ ‘-ದರೆ’, ‘-ಅಂತ’, ‘-ಮೇಲೆ’, ‘-ಆದ್ದರಿಂದ’ ಬಂದ ಕಡೆ ಉಸಿರು ತಾನಾಗಿ ನಿಲ್ಲುತ್ತದೆ, ಸಾಲನ್ನು ಅದರ ನಂತರ ಒಡೆಯಿರಿ. ಆ ಪದಗಳನ್ನು ಕೆಳಗಿನ ಸಾಲಿಗೆ ತಳ್ಳಬೇಡಿ. ‘ಬರ್ತೀನಿ’ ಮೇಲೆ, ‘ಅಂತ ಹೇಳಿದ’ ಕೆಳಗೆ ಬಂದರೆ ಓದುವವರಿಗೆ ಮೊದಲು ಯಾರೋ ಈಗಲೇ ಮಾತಾಡಿದ ಹಾಗೆ ಅನಿಸುತ್ತದೆ. ‘ಹೋಗಿ ಬಿಟ್ಟ’, ‘ಮಾಡಿ ಕೊಡ್ತೀನಿ’ ಇಂಥ ಜೋಡಿಗಳನ್ನೂ ಬಿಡಿಸಬಾರದು. ‘ಹೋಗಿ’ ಒಂದೇ ಸಾಲಿನ ಕೊನೆಗೆ ಉಳಿದರೆ ಅದು ಅಪ್ಪಣೆ ಕೊಟ್ಟ ಹಾಗೆ ಕಾಣುತ್ತದೆ.

ಮೇಲಿನ ತಿದ್ದುಪಡಿಯಲ್ಲಿ ‘ಬಸ್‌ನಲ್ಲಿ’ ಹೋಗಿ ‘ಬಸ್ಸಿಗೇ’ ಬಂತಲ್ಲ, ಅದರ ಹಿಂದೆ ಇನ್ನೊಂದು ಕಾರಣ ಇದೆ. ‘ಬಸ್‌ನಲ್ಲಿ’ ಅನ್ನೋ ಪದದ ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಇರುತ್ತದೆ, U+200C. ‘ಸ್’ ಮತ್ತು ‘ನ’ ಸೇರಿ ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಒಮ್ಮೆ ನಾನು ಕಳಿಸಿದ ಫೈಲನ್ನು ಮುಂದಿನವರು ಬೇರೆ ಫಾರ್ಮ್ಯಾಟಿಗೆ ಬದಲಿಸುವಾಗ ಈ ಕೋಡುಗಳೆಲ್ಲ ಅಳಿಸಿ ಹೋದವು. ತೆರೆಯ ಮೇಲೆ ‘ಫೋನ್ನಲ್ಲಿ’, ‘ಸಾಫ್ಟ್ವೇರ್’ ಅಂತ ಬಂತು. ಪದ ಅದೇ, ಆದರೆ ಕಣ್ಣು ಎಡವುತ್ತದೆ, ಎಡವಿದಷ್ಟು ಹೊತ್ತು ಓದುವ ಸಮಯ ಹೋಯಿತು. ಅಂದಿನಿಂದ ಸಾಧ್ಯವಾದ ಕಡೆಯೆಲ್ಲ ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲವನ್ನೇ ಹಚ್ಚುತ್ತೇನೆ: ಬಸ್ಸಿಗೆ, ಫೋನಲ್ಲಿ, ಡಾಕ್ಟರಿಗೆ, ಕಾರಿನಿಂದ. ಜನ ಆಡುವುದೂ ಹಾಗೇ. ‘ಸಾಫ್ಟ್‌ವೇರ್’ ಥರದ ಪದಕ್ಕೆ ಬೇರೆ ದಾರಿ ಇಲ್ಲ, ಅಲ್ಲಿ ಕೋಡ್ ಬೇಕೇ ಬೇಕು.

ಪದದ ಆಯ್ಕೆಯಲ್ಲಿ ನನ್ನ ನಿಲುವು ಗಟ್ಟಿ. ನೋಡಿದ ತಕ್ಷಣ ಗುರುತು ಸಿಗುವ ಪದವೇ ಸರಿ. ‘ಆಸ್ಪತ್ರೆ’ ಎಲ್ಲರಿಗೂ ಗೊತ್ತು, ‘ಹಾಸ್ಪಿಟಲ್’ ಬೇಡ. ‘ಡಯಾಲಿಸಿಸ್’ ಎಲ್ಲರಿಗೂ ಗೊತ್ತು, ಅದಕ್ಕೆ ಹೊಸ ಕನ್ನಡ ಪದ ಕಟ್ಟುತ್ತಾ ಕೂರಬೇಡಿ. ಸಬ್‌ಟೈಟಲ್ ಓದುವವರಿಗೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದುವ ಅವಕಾಶ ಇಲ್ಲ. ಇಂಗ್ಲಿಷ್ ಲಿಪಿಯನ್ನು ನಡುವೆ ತರಬೇಡಿ, ಎರಡು ಲಿಪಿಯ ಅಳತೆ ಹೊಂದದೆ ಸಾಲು ಏರುಪೇರಾಗಿ ಕಾಣುತ್ತದೆ.

ಇನ್ನು ಕತ್ತರಿಸಿ ಹೋಗುವ ವಿಷಯ. ಅಗಲ 1920, ಎತ್ತರ 1080 ಇರುವ ಚಿತ್ರದಲ್ಲಿ ಅಕ್ಷರಗಳಿಗೆ ಸುರಕ್ಷಿತ ಜಾಗ ನಡುವಿನ ಶೇ. 90. ಅಂದರೆ ಮೇಲೆ ಕೆಳಗೆ 54 ಪಿಕ್ಸೆಲ್, ಎಡ ಬಲ 96 ಪಿಕ್ಸೆಲ್ ಬಿಡಬೇಕು. ಕೆಲವು ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಹೊರಗೆ ತಳ್ಳುತ್ತವೆ, ಅದಕ್ಕೇ ಈ ಅಂಚು. ಇಂಗ್ಲಿಷಿನಲ್ಲಿ ಹೆಚ್ಚಿನ ಅಕ್ಷರಗಳು ಸಾಲಿನ ಗೆರೆಯ ಮೇಲೆ ಕೂರುತ್ತವೆ. ನಮ್ಮ ಒತ್ತಕ್ಷರ ಆ ಗೆರೆಯ ಕೆಳಗೆ ಇಳಿಯುತ್ತದೆ. ಆದ್ದರಿಂದ 54ನ್ನು ಗೆರೆಯಿಂದ ಅಳೆಯಬೇಡಿ, ಒತ್ತಕ್ಷರದ ತಳದಿಂದ ಅಳೆಯಿರಿ. ಒತ್ತು ಕತ್ತರಿಸಿ ಹೋದರೆ ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ, ನೋಡುವವರಿಗೆ ಏನೋ ತಪ್ಪಿದೆ ಅಂತಲೂ ಗೊತ್ತಾಗುವುದಿಲ್ಲ.

ಇದನ್ನೆಲ್ಲ SRT ಫೈಲಿನಲ್ಲಿ ಹಿಡಿದಿಡಲು ಆಗುವುದಿಲ್ಲ, ಅಲ್ಲಿ ಅಂಚು ಪ್ಲೇಯರ್ ಇಷ್ಟದಂತೆ. ಅಳತೆ ನಿಮ್ಮ ಕೈಯಲ್ಲೇ ಇರಬೇಕಾದರೆ ASS ಫೈಲ್ ಮಾಡಿ, ಮೇಲ್ಭಾಗದಲ್ಲಿ ಇಷ್ಟು ಇರಲಿ:

```
[Script Info]
ScriptType: v4.00+
PlayResX: 1920
PlayResY: 1080
WrapStyle: 2
```

`WrapStyle: 2` ಇದ್ದರೆ ಪ್ಲೇಯರ್ ತಾನೇ ಸಾಲು ಒಡೆಯುವುದಿಲ್ಲ, ನೀವು `\N` ಹಾಕಿದ ಕಡೆ ಮಾತ್ರ ಒಡೆಯುತ್ತದೆ. ಶೈಲಿಯ ಸಾಲಿನಲ್ಲಿ `MarginL`, `MarginR` 96 ಇರಲಿ, `MarginV` 60ರ ಆಸುಪಾಸು. ಫಾಂಟ್ ದಪ್ಪ ಬೇಡ, ಅಂಚಿನ ಕಪ್ಪು ಗೆರೆ 3 ಪಿಕ್ಸೆಲ್ ದಾಟುವುದು ಬೇಡ. ದಪ್ಪವಾದರೆ ಒತ್ತಕ್ಷರದ ಸಣ್ಣ ಸಣ್ಣ ತೂತುಗಳು ಮುಚ್ಚಿಕೊಂಡು ‘ತ್ತ’ ಯಾವುದು ‘ನ್ನ’ ಯಾವುದು ತಿಳಿಯುವುದಿಲ್ಲ.

ಫೈಲ್ ಕಳಿಸುವ ಮುಂಚೆ ಮೊದಲ ಐದು ಸೆಕೆಂಡಿಗೆ ಒಂದು ಪರೀಕ್ಷೆಯ ಸಬ್‌ಟೈಟಲ್ ಹಾಕಿ. ಮೇಲಿನ ಸಾಲಿನಲ್ಲಿ ‘ಸ್ತ್ರೀ, ಸಾಫ್ಟ್‌ವೇರ್’, ಕೆಳಗಿನ ಸಾಲಿನಲ್ಲಿ ‘ಕತ್ತೆ, ಮಕ್ಕಳು’. ಅದನ್ನು ಮನೆಯ ಟಿವಿಯಲ್ಲಿ ಸೋಫಾ ಮೇಲೆ ಕೂತು ನೋಡಿ. ಒತ್ತು ಪಕ್ಕಕ್ಕೆ ಬಿದ್ದಿದ್ದರೆ ಪ್ಲೇಯರಿಗೆ ಕನ್ನಡ ಜೋಡಿಸಲು ಬರುತ್ತಿಲ್ಲ. ‘ಫ್ಟ್’ ಕೆಳಗೆ ‘ವ’ ಒತ್ತಾಗಿ ಸೇರಿದ್ದರೆ ಆ ಕಾಣದ ಕೋಡ್ ಎಲ್ಲೋ ಕಳೆದಿದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಸಾಲುಗಳ ಅಂತರ ಹೆಚ್ಚಿರುವ ಬೇರೆ ಫಾಂಟ್ ಹಾಕಿ. ಎಲ್ಲ ಸರಿ ಇದ್ದರೆ ಆ ಸಬ್‌ಟೈಟಲ್ ತೆಗೆದು ಕಳಿಸಿ.