ಬಾಣಂತಿ ಕೋಣೆಗೆ ಬೇವಿನ ಸೊಪ್ಪು, ಗುಗ್ಗುಳದ ಹೊಗೆ ಹಾಕಬಹುದಾ?

"ಮಗುಗೆ ಒಂದು ತಿಂಗಳು. ದಿನಾ ಸಂಜೆ ಅತ್ತೆ ಕೋಣೆ ಬಾಗಿಲು ಹಾಕಿ ಬೇವಿನ ಸೊಪ್ಪು, ಗುಗ್ಗುಳದ ಹೊಗೆ ಹಾಕ್ತಾರೆ. ಗಾಳಿ ಶುದ್ಧ ಆಗುತ್ತೆ, ಸೊಳ್ಳೆ ಬರಲ್ಲ ಅಂತಾರೆ. ಸಕಲೇಶಪುರದ ಹತ್ರ ಇದೀವಿ, ಈ ಮಳೇಲಿ ಕಿಟಕಿ ತೆಗೆಯೋಕೂ ಆಗಲ್ಲ. ಹಾಕಬಹುದಾ?"

ಮಗು ಮಲಗುವ ಕೋಣೆಯಲ್ಲಿ ಬೇಡ. ಅತ್ತೆಯವರು ಬಿಡುವುದೇ ಇಲ್ಲ ಅಂದರೆ ಜಗಲಿಯಲ್ಲಿ ಹಾಕಲಿ.

ನಾನು ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೇನೆ, ದೂಳು ಅಳೆಯುವುದೂ ನನ್ನ ಕೆಲಸದಲ್ಲಿ ಸೇರಿದೆ. ಹೋದ ಮಳೆಗಾಲದಲ್ಲಿ ತಂಗಿ ಬಾಣಂತನಕ್ಕೆ ಬಂದಾಗ ನಮ್ಮನೆಯಲ್ಲೂ ಇದೇ ಜಗಳ. ಅಜ್ಜಿಯದು ಒಂದೇ ಮಾತು: "ಕಣ್ಣು ಉರಿ ಬಂದ್ರೇನೇ ಕ್ರಿಮಿ ಸಾಯೋದು." ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ. ಗಾಳಿಯಲ್ಲಿನ ಸೂಕ್ಷ್ಮ ಕಣ ಅಳೆಯುವ, ಕೈಯಲ್ಲಿ ಹಿಡಿಯುವ ಪಿಎಂ ಮೀಟರ್ ಒಂದನ್ನು ಮನೆಗೆ ತಂದು, ಪಕ್ಕದ ಖಾಲಿ ಕೋಣೆಯಲ್ಲಿ ಅಜ್ಜಿ ಕೈಯಲ್ಲೇ ಹೊಗೆ ಹಾಕಿಸಿದೆ.

ಕೋಣೆ ಹತ್ತಡಿಗೆ ಹತ್ತಡಿ, ತಾರಸಿ ಮನೆ. ಒಳಗಿನ ಗಾಳಿ ಸುಮಾರು 25 ಘನ ಮೀಟರ್. ಅಗ್ಗಿಷ್ಟಿಕೆಯಲ್ಲಿ ತೆಂಗಿನ ಚಿಪ್ಪಿನ ಕೆಂಡ, ಮೇಲೆ ಒಂದು ಹಿಡಿ ಹಸಿ ಬೇವಿನ ಸೊಪ್ಪು, ಒಂದು ಚಮಚ ಗುಗ್ಗುಳ. ಹಚ್ಚುವ ಮೊದಲು ಮೀಟರಿನ ಅಂಕಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಆಸುಪಾಸಿನಲ್ಲಿತ್ತು. ಅದರಲ್ಲೂ ಸ್ವಲ್ಪ ಮಂಜಿನ ಪಾಲು ಇರುತ್ತದೆ, ಏಕೆಂದರೆ ಈ ಅಗ್ಗದ ಮೀಟರುಗಳು ತೇವದ ಹನಿಯನ್ನೂ ದೂಳು ಅಂತಲೇ ಎಣಿಸುತ್ತವೆ. ಮೂರು ನಿಮಿಷಕ್ಕೆ ಅಂಕಿ 999 ಮುಟ್ಟಿ ಅಲ್ಲೇ ನಿಂತುಬಿಟ್ಟಿತು. ಅದರಾಚೆ ಎಣಿಸುವ ಶಕ್ತಿ ಅದಕ್ಕಿಲ್ಲ.

ನಿಜವಾಗಿ ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು. ಒಂದು ಹಿಡಿ ಹಸಿ ಸೊಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ನೀರು ಕಳೆದರೆ ಉರಿಯುವ ಪದಾರ್ಥ 10 ಗ್ರಾಂ ಉಳಿಯಿತು ಅಂದುಕೊಳ್ಳಿ. ಜ್ವಾಲೆ ಏಳದೆ ಹೊಗೆಯಾಡುತ್ತ ಸುಡುವ ಎಲೆ ತನ್ನ ತೂಕದ ನೂರರಲ್ಲೊಂದು ಪಾಲಿನಷ್ಟನ್ನಾದರೂ ಸೂಕ್ಷ್ಮ ಕಣವಾಗಿ ಬಿಡುತ್ತದೆ. ಅಂದರೆ 100 ಮಿಲಿಗ್ರಾಂ. ಅದನ್ನು 25 ಘನ ಮೀಟರಿಗೆ ಹಂಚಿದರೆ ಒಂದೊಂದು ಘನ ಮೀಟರಿಗೆ 4000 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ಇಟ್ಟಿರುವ ಮಿತಿ ದಿನದ ಸರಾಸರಿ 60, ವಿಶ್ವ ಆರೋಗ್ಯ ಸಂಸ್ಥೆಯದು 15. ಹಸಿ ಸೊಪ್ಪಿಗೆ ಹೊಗೆ ದಟ್ಟ ಬರುವುದು ಔಷಧಿ ಜಾಸ್ತಿ ಇದೆ ಅಂತಲ್ಲ, ಸರಿಯಾಗಿ ಉರಿಯುತ್ತಿಲ್ಲ ಅಂತ.

ಅಜ್ಜಿಯನ್ನು ಸುಮ್ಮನಾಗಿಸಿದ್ದು ಮಾತ್ರ ಈ ದೊಡ್ಡ ಅಂಕಿಯಲ್ಲ, ಅದು ಇಳಿಯಲು ಹಿಡಿದ ಹೊತ್ತು. ಸಂಜೆ 4ಕ್ಕೆ ಹಾಕಿದ್ದು. ಹತ್ತು ನಿಮಿಷಕ್ಕೆ ಅಗ್ಗಿಷ್ಟಿಕೆ ಹೊರಗೆ ತಂದೆ. ಅರ್ಧ ಗಂಟೆಗೆ ಕಣ್ಣಿಗೆ ಹೊಗೆ ಕಾಣಲಿಲ್ಲ, "ನೋಡು, ಹೋಯ್ತಲ್ಲ" ಅಂದರು ಅಜ್ಜಿ. ಮೀಟರ್ 999 ಬಿಟ್ಟು ಕೆಳಗಿಳಿದದ್ದು ಏಳು ಗಂಟೆ ಹೊತ್ತಿಗೆ. ರಾತ್ರಿ 9ಕ್ಕೆ, ಊಟ ಮುಗಿಸಿ ಮಲಗಲು ಹೋಗುವ ಹೊತ್ತಿನಲ್ಲಿ, ಇನ್ನೂ 310 ಇತ್ತು. ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ ಎರಡು ಗಂಟೆಗೊಮ್ಮೆ ಗಾಳಿ ಬದಲಾಗುತ್ತದೆ ಅಂತಿಟ್ಟುಕೊಂಡರೂ ಹೊಗೆ ಅರ್ಧವಾಗಲು ಸುಮಾರು ಒಂದೂವರೆ ಗಂಟೆ ಬೇಕು. ಮತ್ತೆ ಅರ್ಧವಾಗಲು ಇನ್ನೊಂದೂವರೆ. 4000ದಿಂದ 60ಕ್ಕೆ ಬರಲು ಎಂಟು ಗಂಟೆ ದಾಟುತ್ತದೆ. ಮಾರನೇ ದಿನ ಮಳೆ ಬಿಟ್ಟಾಗ ಅದೇ ಪ್ರಮಾಣ ಹಾಕಿ ಎದುರುಬದುರು ಕಿಟಕಿ ಎರಡನ್ನೂ ತೆಗೆದಿಟ್ಟೆ. ಒಂದು ಗಂಟೆಯೊಳಗೆ ಮೊದಲಿನ ಅಂಕಿಗೆ ಬಂತು.

ಮೀಟರ್ ಇಲ್ಲದಿದ್ದರೆ ಟಾರ್ಚ್ ಸಾಕು. ಹೊಗೆ ಹಾಕುವ ಮೊದಲು ದೀಪ ಆರಿಸಿ ಕತ್ತಲೆಯಲ್ಲಿ ಟಾರ್ಚ್ ಬಿಟ್ಟು ಬೆಳಕಿನ ಕೋಲು ಹೇಗೆ ಕಾಣುತ್ತದೆ ನೋಡಿಟ್ಟುಕೊಳ್ಳಿ. ಆಮೇಲೆ ಗಂಟೆಗೊಮ್ಮೆ ನೋಡಿ. ಕೋಲು ಮೊದಲಿಗಿಂತ ಬೆಳ್ಳಗೆ, ದಪ್ಪಗೆ ಕಂಡರೆ ಕಣ ಇನ್ನೂ ಗಾಳಿಯಲ್ಲಿದೆ. ಮೂಗನ್ನು ನಂಬಬೇಡಿ, ಅದು ಹತ್ತು ನಿಮಿಷಕ್ಕೆ ವಾಸನೆಗೆ ಒಗ್ಗಿಹೋಗುತ್ತದೆ.

ಮೀಟರೂ ಟಾರ್ಚೂ ತೋರಿಸದೇ ಇರುವುದು ಇನ್ನೊಂದಿದೆ: ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್. ನನಗೆ ಹೊಗೆಗಿಂತ ಇದರದೇ ಹೆದರಿಕೆ. ಸೊಪ್ಪೆಲ್ಲ ಸುಟ್ಟು ಮೇಲೆ ಬೂದಿ ಮುಚ್ಚಿ ಕೆಂಡ ಮಾತ್ರ ಉಳಿದಾಗ ಹೊಗೆ ಇರುವುದಿಲ್ಲ, ವಾಸನೆ ಇರುವುದಿಲ್ಲ. "ಇನ್ನೇನು ಬೆಚ್ಚಗಿರಲಿ" ಅಂತ ಅದನ್ನೇ ಮಂಚದ ಕೆಳಗೆ ತಳ್ಳುತ್ತಾರೆ. 50 ಗ್ರಾಂ ಕೆಂಡ ಉರಿದು 5 ಗ್ರಾಂ ಮೋನಾಕ್ಸೈಡ್ ಬಿಟ್ಟರೂ ಅಂಥ ಕೋಣೆಯಲ್ಲಿ ಘನ ಮೀಟರಿಗೆ 200 ಮಿಲಿಗ್ರಾಂ ಆಗುತ್ತದೆ. ಒಂದು ಗಂಟೆಯ ಮಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 35. ದೊಡ್ಡವರಿಗೆ ತಲೆನೋವು, ಓಕರಿಕೆ, ವಿಪರೀತ ಮಂಪರು ಬರುತ್ತದೆ. ಬಾಣಂತಿಗೆ ಇವೆಲ್ಲ ಬಂದರೆ ನಿದ್ದೆಗೆಟ್ಟ ಸುಸ್ತು ಅಂತ ಬಿಟ್ಟುಬಿಡುತ್ತಾರೆ, ಮಗುವಿಗಂತೂ ಹೇಳಲು ಬರುವುದಿಲ್ಲ. ಹೊರಗೆ ಬಂದರೆ ತಲೆ ಹಗುರಾಗುತ್ತದೆ, ಒಳಗೆ ಹೋದರೆ ಮತ್ತೆ ಭಾರ ಅನ್ನಿಸಿದರೆ ಅದು ಕೆಂಡದ್ದೇ ಕೆಲಸ ಅಂದುಕೊಂಡು ಎಲ್ಲರೂ ಹೊರಗೆ ಬನ್ನಿ, ನೇರ ಆಸ್ಪತ್ರೆಗೆ ಹೋಗಿ.

ಕ್ರಿಮಿ ಸಾಯುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. 2007ರಲ್ಲಿ ಲಖನೌದ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಹವನ ಸಾಮಗ್ರಿಯ ಹೊಗೆಯಿಂದ ಮುಚ್ಚಿದ ಕೋಣೆಯ ಗಾಳಿಯಲ್ಲಿನ ಬ್ಯಾಕ್ಟೀರಿಯಾ 60 ನಿಮಿಷದಲ್ಲಿ ಶೇಕಡಾ 94ರಷ್ಟು ಕಡಿಮೆಯಾಯಿತು ಅಂತ ಪ್ರಕಟಿಸಿದರು. ವಾಟ್ಸಾಪ್‌ನಲ್ಲಿ ಓಡಾಡುವುದು ಅದೇ. ಆದರೆ ಅವರು ಎಣಿಸಿದ್ದು ಬ್ಯಾಕ್ಟೀರಿಯಾ. ಆ ಹೊಗೆ ತಿಂಗಳ ಕೂಸಿನ ಪುಪ್ಪಸಕ್ಕೆ ಏನು ಮಾಡುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ದೊಡ್ಡವರು ನಿಮಿಷಕ್ಕೆ ಹದಿನೈದು ಸಲ ಉಸಿರಾಡಿದರೆ ಅದು ನಲವತ್ತು ಸಲ ಆಡುತ್ತದೆ, ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಸೊಳ್ಳೆ ಹೊಗೆ ಇದ್ದಷ್ಟು ಹೊತ್ತು ದೂರ ಇರುತ್ತದೆ, ಆರಿದ ಮೇಲೆ ವಾಪಸು. ಬೇವಿನಲ್ಲಿ ಕೀಟಕ್ಕೆ ಆಗದ ಅಂಶ ಇರುವುದು ಹೌದು, ಬೆಂಕಿಗೆ ಬಿದ್ದರೆ ಅದು ಉಳಿಯುವುದಿಲ್ಲ. ತೊಟ್ಟಿಲಿಗೆ ಸೊಳ್ಳೆ ಪರದೆ ಕಟ್ಟಿ.

ನಮ್ಮನೆಯಲ್ಲಿ ಕೊನೆಗೆ ಆದ ಒಪ್ಪಂದ ಹೇಳುತ್ತೇನೆ. ಅಗ್ಗಿಷ್ಟಿಕೆ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಜಗಲಿಯಲ್ಲಿ ಒಂದು ಚಿಪ್ಪಿನ ಕೆಂಡ, ಕಡಲೆಕಾಳಿನಷ್ಟು ಗುಗ್ಗುಳ, ಸೊಪ್ಪು ಹಾಕುವುದಾದರೆ ಒಣಗಿದ ನಾಲ್ಕೆಲೆ. ಹೊಗೆ ಒಳಗೆ ನುಗ್ಗದ ಹಾಗೆ ಆ ಹೊತ್ತು ಕೋಣೆಯ ಬಾಗಿಲು ಹಾಕಿರುತ್ತೇವೆ. ಮಗುವಿನ ಬಟ್ಟೆಯನ್ನು ಹೊಗೆಗೆ ಹಿಡಿಯುವುದನ್ನೂ ನಿಲ್ಲಿಸಿದೆವು. ಅದರ ತೇವ ಹೋಗಲು ಇಸ್ತ್ರಿ ಪೆಟ್ಟಿಗೆ ಸಾಕಾಯಿತು. ಗ್ರಂಧಿಗೆ ಅಂಗಡಿಯಲ್ಲಿ ಗುಗ್ಗುಳ ಅಂತ ಕೊಡುವುದರಲ್ಲಿ ಬೇರೆ ಅಂಟು ಬೆರೆತಿರುವುದು ಮಾಮೂಲು. ಅಸಲಿ ಗುಗ್ಗುಳದ ಗಿಡ ಬೆಳೆಯುವುದು ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ, ಅದೂ ಅಳಿವಿನಂಚಿನಲ್ಲಿದೆ. ಹಾಗಾಗಿ "ಅಸಲಿ ತಂದ್ರೆ ಏನೂ ಆಗಲ್ಲ" ಅನ್ನುವ ಮಾತಿಗೆ ಕಿವಿಗೊಡಬೇಡಿ. ಅಸಲಿಯದೂ ಹೊಗೆಯೇ.

ಇಷ್ಟು ದಿನ ಹಾಕಿದ್ದಾಗಿದೆಯಲ್ಲ, ಒಂದು ಕೆಲಸ ಮಾಡಿ. ಮಗು ನಿದ್ದೆಯಲ್ಲಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ, ಅಥವಾ ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಚೆನ್ನಾಗಿ ಗುಳಿ ಬೀಳುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.